ಒಂದು ಫ್ಲ್ಯಾಟು, ನಾಲ್ಕು ಕಾಸು: ನನಗೂ ಉಯಿಲು ಬೇಕೇ?

ಬ್ಯಾಂಕಿನಲ್ಲಿ ತೀರಿಕೊಂಡ ಗ್ರಾಹಕರ ಠೇವಣಿ ವಿಲೇವಾರಿ ಮಾಡುವ ಮೇಜಿನ ಹಿಂದೆ ನಾನು ಬಹಳ ವರ್ಷ ಕುಳಿತವನು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ನಾಲ್ಕು ಸೈಟು, ಎರಡು ಅಂಗಡಿ ಇದ್ದವರ ಮನೆಯವರು ವಕೀಲರನ್ನು ಜೊತೆಗೆ ಕರೆತರುತ್ತಿದ್ದರು, ಕಡತ ಬೇಗ ಮುಗಿಯುತ್ತಿತ್ತು. ತಿಂಗಳುಗಟ್ಟಲೆ ಅಲೆದವರು ಒಂದು ಫ್ಲ್ಯಾಟು, ಒಂದಿಷ್ಟು ಎಫ್‌ಡಿ ಬಿಟ್ಟುಹೋದವರ ಹೆಂಡತಿ ಮಕ್ಕಳು. 'ನಮ್ಮದೇನು ಮಹಾ ಆಸ್ತಿ, ಅದಕ್ಕೆಲ್ಲ ಉಯಿಲು ಯಾಕೆ' ಎಂದು ಯಜಮಾನರು ಹೇಳುತ್ತಿದ್ದರಂತೆ. ಈಗಲೂ ಗೆಳೆಯರು ಅದನ್ನೇ ಕೇಳುತ್ತಾರೆ. ಅವರ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಇದು ಮುಖ್ಯವಾಗಿ ಕರ್ನಾಟಕದಲ್ಲಿ ಸ್ವಂತ ದುಡಿಮೆಯಿಂದ ಫ್ಲ್ಯಾಟ್ ಕೊಂಡ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರ ಮಾತು. ಜೈನ, ಬೌದ್ಧ, ಸಿಖ್ಖರಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ.

ನನಗಿರುವುದು ಹೆಂಡತಿ, ಒಬ್ಬಳು ಮಗಳು. ಉಯಿಲು ಇಲ್ಲದಿದ್ದರೂ ಎಲ್ಲ ಅವರಿಗೇ ಹೋಗುವುದಲ್ಲವೇ?

ನಿಮ್ಮ ತಾಯಿ ಇದ್ದಾರೆಯೇ? ನಾನು ಮೊದಲು ಕೇಳುವ ಪ್ರಶ್ನೆ ಇದು. 1956ರ ಕಾಯ್ದೆಯ ಪ್ರಕಾರ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರೂ ಆ ವರ್ಗದವರು, ಎಲ್ಲರಿಗೂ ಸಮಪಾಲು. ತಂದೆ ಆ ವರ್ಗದಲ್ಲಿಲ್ಲ, ತಾಯಿ ಇದ್ದಾರೆ. ಇದನ್ನು ಕೇಳಿ ಬೆರಗಾಗದವರನ್ನು ನಾನು ಕಂಡಿಲ್ಲ.

ಒಂದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ 46 ವರ್ಷದ ನೌಕರನೊಬ್ಬ ಇದ್ದಾನೆ ಎನ್ನಿ. ಅವನ ಒಬ್ಬನ ಹೆಸರಿನಲ್ಲಿ 90 ಲಕ್ಷ ಬೆಲೆಯ ಫ್ಲ್ಯಾಟು, 6 ಲಕ್ಷದ ಎಫ್‌ಡಿ. ಮನೆಯಲ್ಲಿ ಹೆಂಡತಿ, 14 ವರ್ಷದ ಮಗಳು. ಊರಿನಲ್ಲಿ ವಿಧವೆ ತಾಯಿ, ಒಬ್ಬ ತಮ್ಮ, ಒಬ್ಬಳು ತಂಗಿ. ಒಂದು ದಿನ ಅವನು ಹೃದಯಾಘಾತದಿಂದ ತೀರಿಕೊಳ್ಳುತ್ತಾನೆ. ಫ್ಲ್ಯಾಟಿನಲ್ಲಿ ಹೆಂಡತಿಗೆ ಮೂರನೇ ಒಂದು ಪಾಲು, ಮಗಳಿಗೆ ಮೂರನೇ ಒಂದು, ತಾಯಿಗೆ ಮೂರನೇ ಒಂದು. ತಲಾ 30 ಲಕ್ಷ.

ಎರಡು ವರ್ಷದ ನಂತರ ಆ ತಾಯಿಯೂ ಉಯಿಲು ಬರೆಯದೆ ತೀರಿಕೊಳ್ಳುತ್ತಾರೆ. ಅವರ ಪಾಲಿನ 30 ಲಕ್ಷ ಅವರ ಮಕ್ಕಳಿಗೆ ಹೋಗುತ್ತದೆ. ತಮ್ಮನಿಗೆ 10, ತಂಗಿಗೆ 10, ಮೊದಲೇ ತೀರಿಕೊಂಡ ಮಗನ ಲೆಕ್ಕದಲ್ಲಿ ಮೊಮ್ಮಗಳಿಗೆ 10. ಸೊಸೆಗೆ ಅದರಲ್ಲಿ ಏನೂ ಇಲ್ಲ. ಈಗ ಫ್ಲ್ಯಾಟಿನ ಒಂಬತ್ತು ಪಾಲಿನಲ್ಲಿ ಹೆಂಡತಿಗೆ ಮೂರು, ಮಗಳಿಗೆ ನಾಲ್ಕು, ಮೈದುನನಿಗೆ ಒಂದು, ನಾದಿನಿಗೆ ಒಂದು. ತಾನು ಸಂಸಾರ ಮಾಡಿದ ಮನೆಯಲ್ಲಿ ಆಕೆ ಮೂರನೇ ಒಂದರ ಒಡತಿ.

ಆ ಮೈದುನ ನಾದಿನಿ ಕೆಟ್ಟವರೆಂದು ಹೇಳುತ್ತಿಲ್ಲ. ಇಬ್ಬರೂ 'ನಮಗೆ ಬೇಡ ಅತ್ತಿಗೆ' ಎನ್ನಬಹುದು. ಆದರೆ ಬಾಯಿಮಾತಿನ 'ಬೇಡ' ಸಾಲದು. ಹಕ್ಕು ಬಿಡುಗಡೆ ಪತ್ರ ಬರೆದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು. ಅಷ್ಟು ಹೊತ್ತಿಗೆ ಒಬ್ಬರು ಹೊರದೇಶದಲ್ಲಿದ್ದರೆ ಅವರಿಂದ ಅಧಿಕಾರಪತ್ರ ತರಿಸಬೇಕು.

ಮಗಳು ಅಪ್ರಾಪ್ತೆ. ತಾಯಿಯೇ ಅವಳ ಪರವಾಗಿ ಸಹಿ ಹಾಕಬಹುದಲ್ಲ?

ಇಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು. ಗಂಡ ಸತ್ತ ಮೇಲೆ ಸಂಬಳವಿಲ್ಲ, ಗೃಹಸಾಲದ ಕಂತು ಉಳಿದಿದೆ. ಫ್ಲ್ಯಾಟ್ ಮಾರಿ ತವರಿನ ಊರಿಗೆ ಹೋಗಿ ನೆಲೆಸೋಣ ಎಂದು ಹೆಂಡತಿ ಯೋಚಿಸುತ್ತಾಳೆ. ಆದರೆ ಅಪ್ರಾಪ್ತ ಮಗುವಿನ ಹೆಸರಿಗೆ ಬಂದ ಸ್ಥಿರಾಸ್ತಿಯ ಪಾಲನ್ನು ಹೆತ್ತ ತಾಯಿಯೂ ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ. ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯ್ದೆಯ ಎಂಟನೆಯ ಸೆಕ್ಷನ್ ಇದನ್ನು ಹೇಳುತ್ತದೆ. ಅನುಮತಿ ಇಲ್ಲದೆ ಮಾರಿದರೆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಆ ಮಾರಾಟವನ್ನು ಪ್ರಶ್ನಿಸಬಹುದು. ಅದಕ್ಕೇ ಬುದ್ಧಿವಂತ ಖರೀದಿದಾರನೂ ಅವನಿಗೆ ಸಾಲ ಕೊಡುವ ಬ್ಯಾಂಕೂ ಕಾಗದ ನೋಡಿದ ಕೂಡಲೇ ಹಿಂದೆ ಸರಿಯುತ್ತಾರೆ.

ನ್ಯಾಯಾಲಯಕ್ಕೆ ಹೋದರೆ ಮಾರುವುದು ಮಗುವಿನ ಹಿತಕ್ಕೆ ಏಕೆ ಬೇಕು ಎಂದು ತೋರಿಸಬೇಕು. ಅನುಮತಿ ಸಿಕ್ಕಿದರೂ ಮಗುವಿನ ಪಾಲಿನ ಹಣವನ್ನು ಅವಳ ಹೆಸರಿನಲ್ಲಿ ಠೇವಣಿ ಇಡಬೇಕೆಂದು ಷರತ್ತು ಬರಬಹುದು. ಗಂಡ 'ಫ್ಲ್ಯಾಟ್ ಪೂರ್ತಿ ಹೆಂಡತಿಗೆ' ಎಂದು ಒಂದು ಹಾಳೆಯಲ್ಲಿ ಬರೆದಿದ್ದರೆ ಇದಾವುದೂ ಇರುತ್ತಿರಲಿಲ್ಲ. ಮಕ್ಕಳು ಚಿಕ್ಕವರಿರುವ ಮನೆಗೆ ಉಯಿಲು ಬೇಕೆಂದು ನಾನು ಹಟ ಹಿಡಿಯಲು ಇದೊಂದೇ ಕಾರಣ ಸಾಕು.

ಎಲ್ಲ ಕಡೆ ನಾಮಿನಿ ಹಾಕಿದ್ದೇನೆ. ಇನ್ನು ಉಯಿಲು ಏಕೆ?

ನಾಮಿನಿ ಎಂದರೆ ಹಣವನ್ನು ಕೈಗೆ ತೆಗೆದುಕೊಳ್ಳುವವರು, ಮಾಲೀಕರಲ್ಲ. ಬ್ಯಾಂಕು ನಾಮಿನಿಗೆ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ. ಆಮೇಲೆ ಆ ಹಣ ಉಯಿಲಿನಲ್ಲಿ ಹೇಳಿದವರಿಗೆ, ಉಯಿಲು ಇಲ್ಲದಿದ್ದರೆ ವಾರಸುದಾರರಿಗೆ ಸೇರಬೇಕು. ಕಂಪನಿಯ ಷೇರುಗಳ ವಿಷಯದಲ್ಲೂ ಹಾಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿತು. ಮದುವೆಗೆ ಮುಂಚೆ ತೆರೆದ ಖಾತೆಗೆ ಅಣ್ಣನನ್ನು ನಾಮಿನಿ ಮಾಡಿ ಮರೆತವರು ಎಷ್ಟೋ ಮಂದಿ. ಅಂಥ ಕಡತ ಮೇಜಿಗೆ ಬಂದರೆ ನಾವು ಅಣ್ಣನಿಗೇ ಹಣ ಕೊಡುತ್ತಿದ್ದೆವು. ಹೆಂಡತಿ ಎದುರಿಗೇ ಕುಳಿತಿರುತ್ತಿದ್ದಳು. ಆ ಅಣ್ಣನಿಂದ ಹಣ ಪಡೆಯುವುದು ಅವಳ ಪಾಡು.

ಹಾಗೆಂದು ನಾಮಿನಿ ಬೇಡವೆಂದಲ್ಲ. ಹಣ ಬೇಗ ಕೈಸೇರಲು ಅದು ಬೇಕೇ ಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರ ವರೆಗೆ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಶೇಕಡಾ ಎಂದೂ ಹೇಳಬಹುದು. ಜೀವವಿಮೆಯ ದಾರಿ ಸ್ವಲ್ಪ ಬೇರೆ. 2015ರ ತಿದ್ದುಪಡಿಯ ನಂತರ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ವಿಮೆಯ ಹಣದಲ್ಲಿ ಅವರಿಗೇ ಹಕ್ಕು ಕೊಡುವ ನಿಯಮ ಇದೆ. ಅದಕ್ಕೇ ವಿಮೆಯಲ್ಲೂ ಪಿಎಫ್‌ನಲ್ಲೂ ನಾಮಿನಿಯನ್ನೇ ಸರಿಪಡಿಸಿ, ಉಯಿಲನ್ನು ನಂಬಿ ಬಿಡಬೇಡಿ. ನಾಮಿನಿಯಲ್ಲೂ ಉಯಿಲಿನಲ್ಲೂ ಒಂದೇ ಹೆಸರಿರಲಿ.

ಫ್ಲ್ಯಾಟಿಗಂತೂ ಬ್ಯಾಂಕ್ ಖಾತೆಯಂತೆ ನಾಮಿನಿಯಿಂದ ಕೆಲಸ ಮುಗಿಯುವುದಿಲ್ಲ. ಅಪಾರ್ಟ್‌ಮೆಂಟ್ ಸಂಘದ ಪುಸ್ತಕದಲ್ಲಿ ಯಾರ ಹೆಸರನ್ನೇ ಬರೆಸಿದ್ದರೂ ಅದರಿಂದ ಒಡೆತನ ಬರುವುದಿಲ್ಲ.

ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ. ಆಗಲೂ ಬೇಕೇ?

ಅರ್ಧ ಕೆಲಸ ಆಗಿದೆ, ಇನ್ನರ್ಧ ಬಾಕಿ. ಗಂಡನ ಅರ್ಧ ತಾನಾಗಿ ಹೆಂಡತಿಗೆ ಜಾರುವುದಿಲ್ಲ, ವಾರಸುದಾರರಿಗೆ ಹಂಚಿಕೆಯಾಗುತ್ತದೆ. ಮೇಲಿನ ಮನೆಯನ್ನೇ ತೆಗೆದುಕೊಂಡರೆ ಅವನ 45 ಲಕ್ಷದ ಪಾಲು ಮೂವರಿಗೆ 15 ಲಕ್ಷದಂತೆ ಹೋಗುತ್ತದೆ. ಬ್ಯಾಂಕ್ ಖಾತೆಯ 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂಬ ಏರ್ಪಾಟಿನಿಂದ ಹಣ ತೆಗೆಯಲು ಅನುಕೂಲವಾಗುತ್ತದೆ, ಒಡೆತನ ಬದಲಾಗುವುದಿಲ್ಲ.

ಫ್ಲ್ಯಾಟ್ ನನ್ನ ಹೆಸರಿನಲ್ಲಿದೆ, ನಾನು ಹೆಂಗಸು. ನನಗೂ ಇದೇ ಲೆಕ್ಕವೇ?

ನಿಮ್ಮ ಲೆಕ್ಕ ಬೇರೆ, ಮಕ್ಕಳಿಲ್ಲದಿದ್ದರೆ ಇನ್ನೂ ಬೇರೆ. ಹಿಂದೂ ಮಹಿಳೆ ಉಯಿಲು ಬರೆಯದೆ ತೀರಿಕೊಂಡರೆ ಮೊದಲು ಗಂಡ ಮತ್ತು ಮಕ್ಕಳಿಗೆ. ಅವರು ಯಾರೂ ಇಲ್ಲದಿದ್ದರೆ ಆಕೆ ಸ್ವಂತ ದುಡಿದು ಸಂಪಾದಿಸಿದ್ದು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಂದೆತಾಯಿಯ ಸರದಿ ಅದರ ನಂತರ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯನ್ನು ಓದಿದವರು ಮರೆಯಲಾರರು. ಮದುವೆಯಾಗಿ ಮೂರು ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯಿಂದ ಹೊರಬಿದ್ದು, ತವರಿನ ಆಸರೆಯಲ್ಲಿ ಓದಿ, ಕೆಲಸ ಹಿಡಿದು ಬದುಕಿದವರ ಉಳಿತಾಯ ಅದು. ಉಯಿಲು ಇರಲಿಲ್ಲ. ಸಹಾನುಭೂತಿಯಿಂದ ಕಾನೂನನ್ನು ಬದಲಿಸಲಾಗದು ಎಂದು ಕೋರ್ಟು ಹೇಳಿತು. ಹಣ ಗಂಡನ ಕಡೆಯವರಿಗೆ ಸೇರಿತು. ಮಕ್ಕಳಿಲ್ಲದ ವಿಧವೆಗೆ ಉಯಿಲು ಬೇಕೇ ಎಂದು ಕೇಳಿದರೆ ನಾನು 'ಈ ವಾರವೇ' ಎನ್ನುತ್ತೇನೆ.

ಹಾಗಾದರೆ ಉಯಿಲು ಬೇಡ ಎನ್ನಬಹುದಾದವರು ಯಾರೂ ಇಲ್ಲವೇ?

ಇದ್ದಾರೆ. ಹೆಂಡತಿಯೂ ತಾಯಿಯೂ ಇಲ್ಲದ, ಒಬ್ಬನೇ ವಯಸ್ಕ ಮಗ ಅಥವಾ ಮಗಳಿರುವ ವ್ಯಕ್ತಿಗೆ ಉಯಿಲಿನಿಂದ ಹೆಚ್ಚೇನೂ ಆಗಬೇಕಾಗಿಲ್ಲ. ಕಾನೂನು ಕೊಡುವುದೂ ಅವನಿಗೇ. ತಾಯಿ ಇಲ್ಲದೆ, ಮಕ್ಕಳೆಲ್ಲ ದೊಡ್ಡವರಾಗಿ, ಎಲ್ಲರಿಗೂ ಸಮಪಾಲಾಗಲಿ ಎನ್ನುವವರಿಗೂ ಅವಸರವಿಲ್ಲ. ಆದರೆ ಒಂದೇ ಫ್ಲ್ಯಾಟಿನಲ್ಲಿ ಮೂವರು ಪಾಲುದಾರರಾದರೆ ಒಬ್ಬರು ಒಪ್ಪದಿದ್ದರೂ ಮಾರಾಟ ನಿಲ್ಲುತ್ತದೆ ಎಂಬುದು ಅವರ ಮನಸ್ಸಿನಲ್ಲಿರಲಿ.

ಮುಸ್ಲಿಮರಲ್ಲಿ ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನಲ್ಲಿ ಕೊಡಲಾಗದು. ಕ್ರೈಸ್ತರಲ್ಲಿ ಮದುವೆಯಾದರೆ ಅದಕ್ಕೂ ಮುಂಚಿನ ಉಯಿಲು ರದ್ದಾಗುತ್ತದೆ. ಈ ಎರಡು ಕಡೆ ತಿಳಿದ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಸರಿ, ಬರೆಯುತ್ತೇನೆ. ಎಲ್ಲಿಂದ ಶುರು?

ಬರೆಯುವ ಮುಂಚೆ ಕ್ರಯಪತ್ರವನ್ನು ಹೊರತೆಗೆಯಿರಿ. ಯಾರ ಹೆಸರಿನಲ್ಲಿದೆ, ನಿಮ್ಮ ಪಾಲು ಎಷ್ಟು ಎಂದು ನೋಡಿ. ನಿಮ್ಮದಲ್ಲದ್ದನ್ನು ಬರೆದುಕೊಡಲಾಗದು. ಪಿತ್ರಾರ್ಜಿತವಾದರೆ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. ಬೇರೆ ಹಾಳೆಯಲ್ಲಿ ಎಫ್‌ಡಿ, ವಿಮೆ, ಪಿಎಫ್, ಮ್ಯೂಚುವಲ್ ಫಂಡ್, ಚಿನ್ನ, ಸಾಲಗಳನ್ನು ಗುರುತು ಹಾಕಿಕೊಂಡು ಪ್ರತಿಯೊಂದರ ನಾಮಿನಿಯನ್ನೂ ಬರೆದುಕೊಳ್ಳಿ.

ಉಯಿಲಿಗೆ ಛಾಪಾ ಕಾಗದ ಬೇಡ, ಮುದ್ರಾಂಕ ಶುಲ್ಕವಿಲ್ಲ. ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಬಹುದು, ನಿಮಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲಿ ಬರೆಯುವುದೇ ಒಳ್ಳೆಯದು. ಇಂಗ್ಲಿಷ್ ಓದಲಾಗದ ಹಿರಿಯರ ಸಹಿ ಇಂಗ್ಲಿಷ್ ಉಯಿಲಿನ ಕೆಳಗೆ ಕಂಡರೆ ಎದುರು ವಕೀಲರಿಗೆ ಹಬ್ಬ. ನಮ್ಮ ಲೆಕ್ಕದ ನೌಕರ ಹೀಗೆ ಬರೆಯಬಹುದಿತ್ತು:

"ನಾನು, ಇಂಥವರ ಮಗ, 46 ವರ್ಷ, ಇಂಥ ವಿಳಾಸದ ನಿವಾಸಿ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಈ ಉಯಿಲನ್ನು ಬರೆದಿದ್ದೇನೆ. ಇದೇ ನನ್ನ ಕೊನೆಯ ಉಯಿಲು. ಇದಕ್ಕೂ ಮುಂಚಿನ ಯಾವುದೇ ಉಯಿಲು ರದ್ದು. ನನ್ನ ಸ್ವಯಾರ್ಜಿತವಾದ, ಕೆಳಗೆ ವಿವರಿಸಿದ ಫ್ಲ್ಯಾಟು ನನ್ನ ನಂತರ ನನ್ನ ಹೆಂಡತಿಗೆ ಪೂರ್ಣ ಹಕ್ಕಿನೊಂದಿಗೆ ಸೇರತಕ್ಕದ್ದು. ಎಫ್‌ಡಿಯ ಹಣ ನನ್ನ ತಾಯಿಗೆ ಸೇರತಕ್ಕದ್ದು, ಅವರು ನನಗಿಂತ ಮುಂಚೆ ತೀರಿಕೊಂಡಿದ್ದರೆ ನನ್ನ ಹೆಂಡತಿಗೆ. ಇಲ್ಲಿ ಹೆಸರಿಸದೆ ಉಳಿದ, ಮುಂದೆ ನಾನು ಗಳಿಸುವ ಎಲ್ಲ ಆಸ್ತಿಯೂ ನನ್ನ ಹೆಂಡತಿಗೆ. ಹೆಂಡತಿ ನನಗಿಂತ ಮುಂಚೆ ತೀರಿಕೊಂಡಿದ್ದರೆ ಅವಳಿಗೆ ಹೇಳಿದ್ದೆಲ್ಲ ಮಗಳಿಗೆ. ಈ ಉಯಿಲನ್ನು ನಡೆಸಲು ಇಂಥವರನ್ನು ನೇಮಿಸಿದ್ದೇನೆ."

ಇದರ ಕೆಲವು ಮಾತುಗಳ ಹಿಂದೆ ಕಾರಣವಿದೆ. 'ಪೂರ್ಣ ಹಕ್ಕಿನೊಂದಿಗೆ' ಎಂಬುದನ್ನು ಬಿಡಬೇಡಿ. 'ಹೆಂಡತಿ ಬದುಕಿರುವವರೆಗೆ ಅನುಭವಿಸಿ ನಂತರ ಮಗಳಿಗೆ' ಎಂದು ಬರೆಸುವ ಆಸೆ ಬಹಳ ಗಂಡಸರಿಗಿದೆ. ಒಂದೇ ಫ್ಲ್ಯಾಟು ಇರುವ ಮನೆಯಲ್ಲಿ ಅದು ಹೆಂಡತಿಯ ಕೈ ಕಟ್ಟಿಹಾಕುತ್ತದೆ. ಆಕೆಗೆ ಕಾಯಿಲೆ ಬಂದರೆ ಅದನ್ನು ಮಾರಲೂ ಆಗದು, ಅಡಮಾನ ಇಡಲೂ ಆಗದು. 'ಹೆಸರಿಸದೆ ಉಳಿದ' ಎಂಬ ಸಾಲು ಇಲ್ಲದಿದ್ದರೆ ನಾಳೆ ತೆರೆಯುವ ಹೊಸ ಎಫ್‌ಡಿ ಉಯಿಲಿನ ಹೊರಗುಳಿಯುತ್ತದೆ. ತಾಯಿಗೆ ಎಫ್‌ಡಿ ಬರೆದದ್ದೂ ಔದಾರ್ಯಕ್ಕಷ್ಟೇ ಅಲ್ಲ. ಏನೂ ಬರೆಯದಿದ್ದರೂ ತನ್ನನ್ನು ತಾನು ನೋಡಿಕೊಳ್ಳಲಾಗದ ತಾಯಿಗೆ ಮಗನ ಆಸ್ತಿ ಪಡೆದವರಿಂದ ಜೀವನಾಂಶ ಕೇಳುವ ಹಕ್ಕು ಇರುತ್ತದೆ. ಸಾಲ ಉಳಿದಿದ್ದರೆ ಫ್ಲ್ಯಾಟು ಸಾಲದ ಸಮೇತವೇ ಹೋಗುತ್ತದೆ, ಆದ್ದರಿಂದ ಸಾಲದ ಮೇಲೆ ವಿಮೆ ಇದೆಯೇ ಎಂದು ಈಗಲೇ ಕೇಳಿ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋದರೆ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳಬೇಕೆಂದೂ ಒಂದು ಸಾಲು ಸೇರಿಸಿ.

ಫ್ಲ್ಯಾಟಿನ ವಿವರವನ್ನು ಕ್ರಯಪತ್ರದಲ್ಲಿ ಇದ್ದಂತೆಯೇ ಇಳಿಸಿ. ನೋಂದಣಿ ಸಂಖ್ಯೆ, ದಿನಾಂಕ, ಫ್ಲ್ಯಾಟ್ ಸಂಖ್ಯೆ, ಮಹಡಿ, ಅಳತೆ, ಜಮೀನಿನಲ್ಲಿರುವ ಅವಿಭಜಿತ ಪಾಲು, ಕಾರು ನಿಲ್ಲಿಸುವ ಜಾಗ ಎಲ್ಲವೂ ಇರಲಿ. ನಗರಪಾಲಿಕೆಯ ಖಾತೆ ಸಂಖ್ಯೆಯನ್ನೊಂದೇ ಬರೆದು ಬಿಡಬೇಡಿ. ಅದು ಬದಲಾಗಬಹುದು, ಕ್ರಯಪತ್ರದ ಸಂಖ್ಯೆ ಬದಲಾಗದು.

ಸಹಿ, ಸಾಕ್ಷಿ ಹೇಗೆ?

ಕಾನೂನು ಕೇಳುವುದು ಕನಿಷ್ಠ ಇಬ್ಬರು ಸಾಕ್ಷಿಗಳನ್ನು. ನೀವು ಸಹಿ ಮಾಡುವುದನ್ನು ಪ್ರತಿಯೊಬ್ಬರೂ ನೋಡಿರಬೇಕು ಅಥವಾ 'ಇದು ನನ್ನ ಸಹಿ' ಎಂದು ನಿಮ್ಮ ಬಾಯಿಂದಲೇ ಕೇಳಿರಬೇಕು. ಅವರು ನಿಮ್ಮೆದುರಿಗೇ ಸಹಿ ಮಾಡಬೇಕು. ಉಯಿಲಿನಲ್ಲಿ ಏನಿದೆ ಎಂದು ಅವರು ಓದಬೇಕಾಗಿಲ್ಲ. ನೀವು ಪ್ರತಿ ಪುಟದಲ್ಲೂ ಸಹಿ ಮಾಡಿ, ದಿನಾಂಕ ಹಾಕಿ.

ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ. ನಿಮ್ಮ ನಂತರ ವಿವಾದವಾದರೆ ಕನಿಷ್ಠ ಒಬ್ಬ ಸಾಕ್ಷಿ ಕಟಕಟೆಗೆ ಬಂದು ಹೇಳಬೇಕಾಗುತ್ತದೆ. ನಿಮ್ಮ ವಯಸ್ಸಿನ ಗೆಳೆಯ ಅಷ್ಟು ಹೊತ್ತಿಗೆ ಇರದಿರಬಹುದು. ಆಸ್ತಿ ಪಡೆಯುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿಯಾಗದಿರಲಿ. ಪಕ್ಕದ ಫ್ಲ್ಯಾಟಿನವರು, ಕಚೇರಿಯ ಸಹೋದ್ಯೋಗಿ, ಮನೆಯ ವೈದ್ಯರು ಸಾಕು. ವಯಸ್ಸಾದವರು, ಕಾಯಿಲೆಯವರು ಬರೆಯುವುದಾದರೆ ಸ್ವಸ್ಥಚಿತ್ತರಾಗಿದ್ದಾರೆಂದು ವೈದ್ಯರಿಂದ ಅದೇ ದಿನದ ಪ್ರಮಾಣಪತ್ರ ಪಡೆಯಿರಿ.

ಇಷ್ಟು ಮಾಡಿದರೂ ಉಯಿಲು ಬಿದ್ದುಹೋಗುವುದು ಯಾವಾಗ?

ಫಲ ಪಡೆಯುವವನು ಬರೆಯುವ ಕೆಲಸಕ್ಕೆ ಕೈಹಾಕಿದಾಗ. ಇದಕ್ಕೆ ನಮ್ಮ ಮೈಸೂರಿನದೇ ಮೊಕದ್ದಮೆ ಇದೆ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಎಂಬವರ ನಡುವಿನದು, 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವೃದ್ಧೆಯೊಬ್ಬರ ಉಯಿಲನ್ನು ಮುಂದೊಡ್ಡಿದವರೇ ಅದನ್ನು ಬರೆಸುವುದರಲ್ಲೂ ಮುಂದಾಗಿದ್ದರು, ಅದರಿಂದ ಅವರ ಮಕ್ಕಳಿಗೆ ದೊಡ್ಡ ಲಾಭವಿತ್ತು. ಅನುಮಾನ ಹುಟ್ಟಿಸುವ ಸಂಗತಿ ಇದ್ದರೆ ಅದನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವನದೇ ಎಂದು ಕೋರ್ಟು ಹೇಳಿತು. ಆ ಉಯಿಲು ನಿಲ್ಲಲಿಲ್ಲ. ಇಂದಿಗೂ ಉಯಿಲಿನ ತಂಟೆ ಬಂದರೆ ವಕೀಲರು ಮೊದಲು ತೆಗೆಯುವ ತೀರ್ಪು ಇದು. ಆದ್ದರಿಂದ ವಕೀಲರ ಬಳಿಗೆ ನೀವೇ ಹೋಗಿ, ಫೀಸು ನೀವೇ ಕೊಡಿ. ಆಸ್ತಿ ಪಡೆಯುವ ಮಗ ಆ ದಿನ ಬೇರೆಲ್ಲಾದರೂ ಇರಲಿ. ಒಬ್ಬರನ್ನು ಬಿಟ್ಟಿದ್ದರೆ ಏಕೆ ಬಿಟ್ಟಿರಿ ಎಂದು ಒಂದು ವಾಕ್ಯ ಬರೆಯಿರಿ: 'ಹಿರಿಯ ಮಗನಿಗೆ ಮನೆ ಕಟ್ಟಲು ಹಣ ಕೊಟ್ಟಿದ್ದೇನೆ' ಎಂದರೆ ಸಾಕು. ಬೈಗುಳ ಬೇಡ.

ನೋಂದಣಿ ಕಡ್ಡಾಯವೇ?

ಅಲ್ಲ. ನೋಂದಣಿಯಾಗದ ಉಯಿಲೂ ಊರ್ಜಿತ. ಆದರೂ ಫ್ಲ್ಯಾಟ್ ಇದ್ದರೆ ಮಾಡಿಸಿ ಎನ್ನುತ್ತೇನೆ. ಇಬ್ಬರು ಸಾಕ್ಷಿಗಳೊಂದಿಗೆ ಗುರುತಿನ ಚೀಟಿ ಹಿಡಿದು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದರೆ ಅಲ್ಪ ಶುಲ್ಕದಲ್ಲಿ ಕೆಲಸ ಮುಗಿಯುತ್ತದೆ. ಆಮೇಲೆ ಮೂಲ ಪ್ರತಿ ಕಳೆದರೂ ದೃಢೀಕೃತ ನಕಲು ಸಿಗುತ್ತದೆ. ಖಾತೆ ಬದಲಾವಣೆಗೆ ಅರ್ಜಿ ಹಾಕಿದಾಗ ನಗರಪಾಲಿಕೆಯವರೂ ನೋಂದಾಯಿತ ಉಯಿಲು ಎಂದರೆ ಕಡಿಮೆ ತಕರಾರು ಮಾಡುತ್ತಾರೆ. ಆದರೆ ನೋಂದಣಿಯಾದ ಮಾತ್ರಕ್ಕೆ ಅದು ಪ್ರಶ್ನಾತೀತವಲ್ಲ, ಸಾಕ್ಷಿಗಳು ಆಗಲೂ ಬೇಕು. ಮನಸ್ಸು ಬದಲಾದರೆ ಹೊಸದನ್ನು ಬರೆಯಬಹುದು. ಕಾನೂನು ನೋಡುವುದು ಕೊನೆಯ ಉಯಿಲನ್ನು, ಅದು ನೋಂದಣಿಯಾಗದಿದ್ದರೂ ಸರಿಯೇ. ಬರೆದದ್ದನ್ನು ಪೆನ್ನಿನಿಂದ ತಿದ್ದಲು ಮಾತ್ರ ಹೋಗಬೇಡಿ, ಪೂರ್ತಿ ಹೊಸ ಹಾಳೆ ತೆಗೆದುಕೊಳ್ಳಿ.

ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂಬ ಕೋರ್ಟಿನ ದೃಢೀಕರಣ, ಪಡೆಯಬೇಕೇ ಎಂದು ಕೆಲವರು ಕೇಳುತ್ತಾರೆ. ಬೆಂಗಳೂರಿನ ಫ್ಲ್ಯಾಟಿನ ಬಗ್ಗೆ ಹಿಂದೂ ಒಬ್ಬರು ಇಲ್ಲೇ ಬರೆದ ಉಯಿಲಿಗೆ ಅದು ಕಡ್ಡಾಯವಲ್ಲ.

ಬರೆದ ಮೇಲೆ ಎಲ್ಲಿ ಇಡಲಿ?

ನಿಮ್ಮ ಒಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ನಾಮಿನಿಯೂ ಇಲ್ಲದ ಲಾಕರಿನೊಳಗೆ ಉಯಿಲು ಇದೆ ಎಂದು ಮನೆಯವರು ಬಂದರೆ, ಲಾಕರ್ ತೆಗೆಯಲು ನೀವು ವಾರಸುದಾರರೆಂದು ತೋರಿಸಿ ಎಂದು ನಾವು ಕೇಳುತ್ತಿದ್ದೆವು. ಅದನ್ನು ತೋರಿಸುವ ಕಾಗದ ಲಾಕರಿನೊಳಗೆ. ಮೂಲ ಪ್ರತಿ ಕ್ರಯಪತ್ರದ ಜೊತೆ ಮನೆಯ ಬೀರುವಿನಲ್ಲಿರಲಿ. ಕ್ರಯಪತ್ರ ಸಾಲದ ಬ್ಯಾಂಕಿನಲ್ಲಿದ್ದರೆ ಅದರ ನಕಲಿನ ಜೊತೆ ಇಡಿ. ಉಯಿಲು ನಡೆಸುವವರಿಗೆ ಒಂದು ನಕಲು ಕೊಟ್ಟು, ಮೂಲ ಯಾವ ಬೀರುವಿನ ಯಾವ ಖಾನೆಯಲ್ಲಿದೆ ಎಂದು ಹೇಳಿ. ಕೀಲಿ ಎಲ್ಲಿದೆ ಎಂಬುದನ್ನೂ ಹೇಳಿ.